ಗಾಳಿ ಹೆಚ್ಚಿಸಿದಷ್ಟೂ ಆಮ್ಲಜನಕ ಇಳಿದ ಫರ್ಮೆಂಟರ್: ಒಂದು ಪ್ರಕರಣ ಅಧ್ಯಯನ

ಬ್ಯಾಚಿನ 62ನೇ ಗಂಟೆಯಲ್ಲಿ ಕರಗಿದ ಆಮ್ಲಜನಕ, ದ್ರವ ಹಿಡಿಯಬಲ್ಲದ್ದರ ಶೇ. 35 ಇತ್ತು. 64ನೇ ಗಂಟೆಗೆ ಶೇ. 26 ಆಯಿತು. ರಾತ್ರಿ ಪಾಳಿಯ ಆಪರೇಟರ್ ಯಾರಾದರೂ ಮಾಡುವುದನ್ನೇ ಮಾಡಿದರು: ಗಾಳಿಯ ಕವಾಟವನ್ನು ಇನ್ನಷ್ಟು ತೆರೆದರು. ಪರದೆಯ ಮೇಲಿನ ಗೆರೆ ನಾಲ್ಕೈದು ನಿಮಿಷ ಅಲ್ಲೇ ನಿಂತು, ಮತ್ತೆ ಕೆಳಗೆ ಜಾರಿತು. ಅವರು ಮತ್ತಷ್ಟು ತೆರೆದರು. ನಾನು ಕಾರ್ಖಾನೆ ತಲುಪುವ ಹೊತ್ತಿಗೆ ಗಾಳಿ ನಿಮಿಷಕ್ಕೆ 64 ಘನಮೀಟರಿನಿಂದ 80ಕ್ಕೆ ಏರಿತ್ತು, ಆಮ್ಲಜನಕ ಶೇ. 14ಕ್ಕೆ ಇಳಿದಿತ್ತು.

ಅದು ಫರ್ಮೆಂಟರ್ ಎಂಬ ಮುಚ್ಚಿದ ದೊಡ್ಡ ತೊಟ್ಟಿಯಲ್ಲಿ ಪೆನಿಸಿಲಿನ್ ಜಿ ತಯಾರಿಸುವ ಬ್ಯಾಚ್. ಪೆನಿಸಿಲಿಯಂ ಕ್ರೈಸೋಜಿನಮ್ ಎಂಬ ಬೂಸ್ಟು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪಿಎಚ್ 6.5ರ ಆಸುಪಾಸಿನಲ್ಲಿ, ಹನಿಹನಿಯಾಗಿ ಸಿಗುವ ಸಕ್ಕರೆಯನ್ನು ತಿಂದು ಬದುಕುತ್ತದೆ. ಸಕ್ಕರೆಯನ್ನು ಒಮ್ಮೆಗೇ ಸುರಿದರೆ ಅದು ಬೆಳೆಯುತ್ತದೆಯೇ ಹೊರತು ಪೆನಿಸಿಲಿನ್ ಕೊಡುವುದಿಲ್ಲ. ಆದ್ದರಿಂದ ಮೊದಲ ಎರಡು ದಿನ ಬೆಳೆಸಿ, ಆಮೇಲೆ ಅರೆಹೊಟ್ಟೆಯಲ್ಲಿಟ್ಟು ದುಡಿಸಿಕೊಳ್ಳುವುದು ಈ ಉದ್ಯಮದ ಹಳೆಯ ಪದ್ಧತಿ. ಸಕ್ಕರೆಯ ಜೊತೆಗೆ ಅಣುವಿನ ಪಕ್ಕದ ಸರಪಳಿಗೆ ಬೇಕಾದ ಫಿನೈಲ್ ಅಸಿಟಿಕ್ ಆಮ್ಲವನ್ನೂ ಸ್ವಲ್ಪಸ್ವಲ್ಪವೇ ಕೊಡುತ್ತಾರೆ. ಅದು ಹೆಚ್ಚಾದರೆ ಬೂಸ್ಟಿಗೇ ವಿಷ. ಇವೆರಡನ್ನೂ ಪಂಪಿನ ವೇಗದಿಂದ ಹಿಡಿತದಲ್ಲಿಡಬಹುದು. ಆಮ್ಲಜನಕವನ್ನು ಹಾಗೆ ಹಿಡಿತದಲ್ಲಿಡಲು ಆಗುವುದಿಲ್ಲ, ಏಕೆಂದರೆ ಅದನ್ನು ನೀರಿನಲ್ಲಿ ಕೂಡಿಡಲು ಆಗುವುದಿಲ್ಲ.

25 ಡಿಗ್ರಿಯಲ್ಲಿ ಸಾಮಾನ್ಯ ಒತ್ತಡದ ಗಾಳಿಯಿಂದ ಒಂದು ಲೀಟರ್ ನೀರಿನಲ್ಲಿ ಕರಗುವ ಆಮ್ಲಜನಕ ಸುಮಾರು 8 ಮಿಲಿಗ್ರಾಂ. ನಮ್ಮ ಬ್ಯಾಚ್ ಚೆನ್ನಾಗಿ ನಡೆಯುತ್ತಿದ್ದಾಗ ಬೂಸ್ಟು ಬೆಳೆಯುವ ದ್ರವ, ಎಂದರೆ ಬ್ರಾತ್, ಲೀಟರಿಗೆ ಗಂಟೆಗೆ ಸುಮಾರು 1.3 ಗ್ರಾಂ ಆಮ್ಲಜನಕವನ್ನು ಬಳಸುತ್ತಿತ್ತು. ಭಾಗಿಸಿ ನೋಡಿದರೆ, ಪೂರ್ತಿ ತುಂಬಿದ ದಾಸ್ತಾನು ಸಾಲುವುದು ಸುಮಾರು ಇಪ್ಪತ್ತೆರಡು ಸೆಕೆಂಡಿಗೆ ಮಾತ್ರ. ಬಳಸಿದ್ದನ್ನು ಆಯಾ ಕ್ಷಣದಲ್ಲೇ ಗುಳ್ಳೆಗಳಿಂದ ದ್ರವಕ್ಕೆ ದಾಟಿಸುತ್ತಿರಬೇಕು, ಅದೂ ಆರು ದಿನಗಳ ಕಾಲ ಎಡೆಬಿಡದೆ. ಫರ್ಮೆಂಟರ್ ವಿನ್ಯಾಸದ ಹೆಚ್ಚಿನ ತಲೆನೋವು ಈ ದಾಟಿಸುವ ಕೆಲಸಕ್ಕೇ ಸಂಬಂಧಿಸಿದ್ದು. 1944ರಲ್ಲಿ ಫೈಝರ್ ಬ್ರೂಕ್ಲಿನ್‌ನಲ್ಲಿ ತಲಾ 7,500 ಗ್ಯಾಲನ್ನಿನ ಹದಿನಾಲ್ಕು ತೊಟ್ಟಿಗಳಲ್ಲಿ ಪೆನಿಸಿಲಿನ್ ತಯಾರಿಸಲು ಹೊರಟಾಗ ಬಗೆಹರಿಸಬೇಕಾಗಿದ್ದ ದೊಡ್ಡ ತೊಡಕುಗಳಲ್ಲಿ ಒಂದು ಇದೇ. ಅದಕ್ಕೂ ಮೊದಲು ಬೂಸ್ಟನ್ನು ಬಾಟಲಿಗಳಲ್ಲಿ, ತಟ್ಟೆಗಳಲ್ಲಿ ತೆಳುವಾದ ಪದರವಾಗಿ ಬೆಳೆಸುತ್ತಿದ್ದರು. ಅಲ್ಲಿ ಗಾಳಿ ತಾನಾಗಿಯೇ ಸಿಗುತ್ತಿತ್ತು.

ಪೆನಿಸಿಲಿನ್ ಬೂಸ್ಟಿನ ಮಟ್ಟಿಗೆ ಕರಗಿದ ಆಮ್ಲಜನಕ ಶೇ. 30ಕ್ಕಿಂತ ಕೆಳಗಿಳಿದರೆ ಉತ್ಪಾದನೆಯ ವೇಗ ಕುಸಿಯತೊಡಗುತ್ತದೆ, ಶೇ. 10ರ ಹತ್ತಿರ ಬಹುತೇಕ ನಿಂತೇ ಹೋಗುತ್ತದೆ. ಬೂಸ್ಟು ಸಾಯುವುದಿಲ್ಲ, ಸಕ್ಕರೆ ತಿನ್ನುವುದನ್ನೂ ನಿಲ್ಲಿಸುವುದಿಲ್ಲ. ಹೊರಗಿನಿಂದ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಈಗ ತೊಟ್ಟಿಯ ವಿವರ. ಒಳವ್ಯಾಸ 3.4 ಮೀಟರ್, ಒಟ್ಟು ಗಾತ್ರ ಸುಮಾರು 110 ಘನಮೀಟರ್, ಅದರಲ್ಲಿ ಬ್ರಾತ್ 80 ಘನಮೀಟರ್. ಗುಳ್ಳೆಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ದ್ರವದ ಎತ್ತರ 8.8 ಮೀಟರ್. ನಡುವಿನ ಒಂದೇ ದಂಡದ ಮೇಲೆ ದ್ರವವನ್ನು ಕಲಕುವ ನಾಲ್ಕು ರಶ್ಟನ್ ಇಂಪೆಲರುಗಳು, ಎಂದರೆ ತಟ್ಟೆಯ ಅಂಚಿಗೆ ಆರು ಚಪ್ಪಟೆ ರೆಕ್ಕೆಗಳನ್ನು ನಿಲ್ಲಿಸಿ ಜೋಡಿಸಿದ ಸಾಮಾನ್ಯ ನಮೂನೆ. ವ್ಯಾಸ 1.13 ಮೀಟರ್, ನಿಮಿಷಕ್ಕೆ 100 ಸುತ್ತು. ಮೋಟಾರಿನ ವೇಗ ಬದಲಿಸುವ ಸೌಲಭ್ಯ ಇರಲಿಲ್ಲ. ಖರೀದಿಯ ಹೊತ್ತಿಗೆ ಅದನ್ನು ಅನಗತ್ಯವೆಂದು ಕೈಬಿಡಲಾಗಿತ್ತು. ಅತ್ಯಂತ ಕೆಳಗಿನ ಇಂಪೆಲರಿನ ಅಡಿಯಲ್ಲಿ ಗಾಳಿಯನ್ನು ಗುಳ್ಳೆಗಳಾಗಿ ಬಿಡುವ, ರಂಧ್ರಗಳಿರುವ ಉಂಗುರದಾಕಾರದ ಸ್ಪಾರ್ಜರ್. ಮೇಲಿನ ಖಾಲಿ ಜಾಗದಲ್ಲಿ ವಾತಾವರಣಕ್ಕಿಂತ 0.5 ಬಾರ್ ಹೆಚ್ಚು ಒತ್ತಡ. ಈ ತೊಟ್ಟಿ ಹೊಸದು, ಇದು ಅದರ ಏಳನೆಯ ಬ್ಯಾಚ್. ಮೊದಲ ಆರು ತಕರಾರಿಲ್ಲದೆ ಮುಗಿದಿದ್ದವು. ಎಲ್ಲರೂ ಮೋಸ ಹೋಗಲು ಅದೂ ಒಂದು ಕಾರಣ.

ನಾನು ಹೋದಾಗ ನಿಯಂತ್ರಣ ಕೊಠಡಿಯಲ್ಲಿ ಒಂದೇ ಮಾತು: ಸೋಂಕು. ಬೇರೆ ಬ್ಯಾಕ್ಟೀರಿಯಾ ಒಳಗೆ ನುಗ್ಗಿದರೆ ಅದು ಬೂಸ್ಟಿಗಿಂತ ಬೇಗ ಬೆಳೆದು ಆಮ್ಲಜನಕವನ್ನು ಕುಡಿದು ಖಾಲಿ ಮಾಡುತ್ತದೆ. ಹಾಗಾಗಿ ಆ ಗುಮಾನಿ ತಪ್ಪೇನಲ್ಲ. ಮಾದರಿ ಆಗಲೇ ಪ್ರಯೋಗಾಲಯಕ್ಕೆ ಹೋಗಿತ್ತು. ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಬೂಸ್ಟಿನ ಉದ್ದನೆಯ ಕವಲೊಡೆದ ಎಳೆಗಳು ಮಾತ್ರ. ಆದರೆ ಸೋಂಕು ಆರಂಭದಲ್ಲಿದ್ದರೆ ಕಣ್ಣಿಗೆ ಬೀಳುವುದಿಲ್ಲ, ತಟ್ಟೆಯಲ್ಲಿ ಬೆಳೆಸಿ ನೋಡಲು ಒಂದು ದಿನ ಬೇಕು. ಅಷ್ಟು ಹೊತ್ತು ಕಾಯುವಂತಿರಲಿಲ್ಲ.

ಕಾಯಬೇಕಾದ ಅಗತ್ಯವೂ ಇರಲಿಲ್ಲ. ಕರಗಿದ ಆಮ್ಲಜನಕ ಎನ್ನುವುದು ಜಮೆ ಮತ್ತು ಖರ್ಚಿನ ನಡುವೆ ಉಳಿದ ಶಿಲ್ಕು. ಶಿಲ್ಕು ಇಳಿಯಿತೆಂದರೆ ಖರ್ಚು ಏರಿರಬಹುದು ಅಥವಾ ಜಮೆ ಕಡಿಮೆಯಾಗಿರಬಹುದು. ಯಾವುದೆಂದು ಆ ಸಂಖ್ಯೆ ಹೇಳುವುದಿಲ್ಲ. ಅದನ್ನು ಹೇಳುವುದು ತೊಟ್ಟಿಯಿಂದ ಹೊರಹೋಗುವ ಗಾಳಿ. ಸೋಂಕಾಗಿದ್ದರೆ ಒಳಗಿನ ಉಸಿರಾಟ ಹೆಚ್ಚಾಗಿ, ಹೊರಹೋಗುವ ಗಾಳಿಯಲ್ಲಿ ಆಮ್ಲಜನಕ ಕಡಿಮೆಯಾಗಿ, ಇಂಗಾಲದ ಡೈಆಕ್ಸೈಡ್ ಹೆಚ್ಚಾಗಬೇಕು. ವಿಶ್ಲೇಷಕದ ದಾಖಲೆ ತಿರುವಿಹಾಕಿದೆವು. ಒಳಬರುವ ಗಾಳಿಯಲ್ಲಿ ಆಮ್ಲಜನಕ ಶೇ. 20.95. 62ನೇ ಗಂಟೆಯಲ್ಲಿ ಹೊರಗೆ ಬರುತ್ತಿದ್ದದ್ದು ಶೇ. 18.9. ಈಗ ಬರುತ್ತಿದ್ದದ್ದು ಶೇ. 19.6.

ಗಾಳಿಯ ಹರಿವೇ ಹೆಚ್ಚಾದ್ದರಿಂದ ಅಂಶ ತೆಳುವಾಗಿರಬಹುದೇ ಎಂದು ಯಾರಾದರೂ ಕೇಳಬೇಕು. ಒಬ್ಬರು ಕೇಳಿದರು ಕೂಡ. ಅದನ್ನೂ ಸೇರಿಸಿಯೇ ಲೆಕ್ಕ ಹಾಕಿದೆವು. 64 ಘನಮೀಟರ್ ಹರಿವಿನಲ್ಲಿ ಲೀಟರಿಗೆ ಗಂಟೆಗೆ 1.3 ಗ್ರಾಂ ದಾಟುತ್ತಿದ್ದರೆ, 80 ಘನಮೀಟರ್ ಹರಿವಿನಲ್ಲಿ ದಾಟುತ್ತಿದ್ದದ್ದು ಸುಮಾರು 1 ಗ್ರಾಂ. ಗಾಳಿ ಕಾಲು ಭಾಗ ಹೆಚ್ಚಿ, ದಾಟಿದ ಆಮ್ಲಜನಕ ಐದರಲ್ಲಿ ಒಂದು ಭಾಗ ಕಡಿಮೆಯಾಗಿತ್ತು. ಖರ್ಚು ಏರಿರಲಿಲ್ಲ. ಗಾಳಿ ಬಂದ ದಾರಿಯಲ್ಲೇ ಯಾರಿಗೂ ಸಿಗದೆ ಹೊರಟುಹೋಗುತ್ತಿತ್ತು.

ತೊಟ್ಟಿಯ ಮೇಲೆ ಹತ್ತಿ ವೀಕ್ಷಣಾ ಗಾಜಿನೊಳಗೆ ದೀಪ ಬಿಟ್ಟು ನೋಡಿದೆ. ಚೆನ್ನಾಗಿ ನಡೆಯುವ ಫರ್ಮೆಂಟರಿನ ಮೇಲ್ಮೈ ಎಲ್ಲೆಡೆ ಒಂದೇ ಹದದಲ್ಲಿ ಕುದಿಯುವಂತೆ ಕಾಣುತ್ತದೆ. ಇಲ್ಲಿ ನಡುವೆ, ದಂಡದ ಸುತ್ತ, ಕೊಡದಷ್ಟು ದೊಡ್ಡ ಗುಳ್ಳೆಗಳು ಎದ್ದು ಒಡೆಯುತ್ತಿದ್ದವು. ಗೋಡೆಯ ಹತ್ತಿರ, ತಂಪುಗೊಳಿಸುವ ಕೊಳವೆಗಳ ಹಿಂದೆ, ಬ್ರಾತ್ ಗಂಜಿಯಂತೆ ನಿಂತೇ ಇತ್ತು. ಒಟ್ಟು ಮಟ್ಟವೂ ಸಂಜೆಗಿಂತ ಕೆಳಗಿತ್ತು. ಹೆಚ್ಚು ಗಾಳಿ ಹಾಕಿದರೆ ಮಟ್ಟ ಏರಬೇಕು. ಇಳಿದಿದೆ ಎಂದರೆ ಗುಳ್ಳೆಗಳು ಒಳಗೆ ನಿಲ್ಲುತ್ತಿಲ್ಲ. ಕೆಳಗೆ ಬಂದು ಮೋಟಾರಿನ ಅಮ್ಮೀಟರ್ ನೋಡಿದರೆ ಮುಳ್ಳು ಸಂಜೆಯ ಅಳತೆಗಿಂತ ಕೆಳಗಿದ್ದದ್ದಲ್ಲದೆ ಅಲುಗಾಡುತ್ತಲೂ ಇತ್ತು.

ನಡೆದದ್ದು ಇಷ್ಟು. ರಶ್ಟನ್ ಇಂಪೆಲರಿನ ಪ್ರತಿ ರೆಕ್ಕೆಯ ಬೆನ್ನಿಗೆ ಒತ್ತಡ ಕಡಿಮೆ. ಕೆಳಗಿನಿಂದ ಬಂದ ಗಾಳಿ ಅಲ್ಲಿ ಸೇರಿಕೊಂಡು ಒಂದು ಗಾಳಿಚೀಲವಾಗುತ್ತದೆ, ಅದರ ತುದಿಯಿಂದ ಸಣ್ಣ ಗುಳ್ಳೆಗಳು ಹರಿದು ಹೊರಗೆ ಚಿಮ್ಮುತ್ತವೆ. ಗಾಳಿ ಹೆಚ್ಚಿದಷ್ಟೂ ಚೀಲ ದೊಡ್ಡದಾಗುತ್ತದೆ, ರೆಕ್ಕೆ ದ್ರವವನ್ನು ತಳ್ಳುವ ಬದಲು ಗಾಳಿಯಲ್ಲೇ ಸುತ್ತುತ್ತದೆ. ಅದಕ್ಕೇ ಮೋಟಾರಿನ ಹೊರೆ ಇಳಿಯುವುದು. ಒಂದು ಮಿತಿ ದಾಟಿದ ಮೇಲೆ ಇಂಪೆಲರಿಗೆ ಗಾಳಿಯನ್ನು ಗೋಡೆಯ ಕಡೆಗೆ ಎಸೆಯುವ ಶಕ್ತಿಯೇ ಉಳಿಯುವುದಿಲ್ಲ. ಗಾಳಿ ದಂಡದ ಗುಂಟ ನೇರವಾಗಿ ಮೇಲೇರುತ್ತದೆ. ಇದನ್ನು ಇಂಪೆಲರಿನ ಮುಳುಗಡೆ ಎನ್ನೋಣ. ದ್ರವದಲ್ಲಿ ಇರಬೇಕಾದದ್ದು ಗಾಳಿಯಲ್ಲಿ ಮುಳುಗಿರುತ್ತದೆ.

ಈ ಮಿತಿಯನ್ನು ಅಂದಾಜಿಸಲು ಸರಳ ಸೂತ್ರವಿದೆ. ಇಂಪೆಲರ್ ಎದುರಿಸುವ ಗಾಳಿಯ ಪ್ರಮಾಣವನ್ನು ಅದರ ಪಂಪ್ ಮಾಡುವ ಶಕ್ತಿಗೆ ಹೋಲಿಸುವುದು ಎಡಭಾಗ. ತಡೆದುಕೊಳ್ಳಬಲ್ಲ ಮಿತಿ ಬಲಭಾಗ. ಎಡಭಾಗ ಬಲಭಾಗವನ್ನು ದಾಟಿದರೆ ಮುಳುಗಡೆ.

```
Q/(N·D³)  >  30 · (N²·D/g) · (D/T)^3.5
```

ಇಲ್ಲಿ Q ಗಾಳಿಯ ಹರಿವು, N ಸೆಕೆಂಡಿಗೆ ಸುತ್ತುಗಳು, D ಇಂಪೆಲರಿನ ವ್ಯಾಸ, T ತೊಟ್ಟಿಯ ವ್ಯಾಸ, g ಗುರುತ್ವ ವೇಗೋತ್ಕರ್ಷ. Q ಎಂದರೆ ಮೀಟರ್ ತೋರಿಸುವ ಹರಿವಲ್ಲ, ಆ ಆಳದ ಒತ್ತಡದಲ್ಲಿ ಕುಗ್ಗಿದ ಹರಿವು ಎಂಬುದನ್ನು ಮರೆಯಬಾರದು. ನಮ್ಮ ತೊಟ್ಟಿಯ ತಳದಲ್ಲಿ ಮೇಲಿನ ಒತ್ತಡ, ದ್ರವದ ತೂಕ ಎರಡೂ ಸೇರಿ ಸುಮಾರು 2.36 ಬಾರ್. ಆದ್ದರಿಂದ ನಿಮಿಷಕ್ಕೆ 64 ಘನಮೀಟರ್ ಎನ್ನುವುದು ಅಲ್ಲಿ 27 ಮಾತ್ರ. ಎಡಭಾಗ 0.19 ಬಂತು, ಬಲಭಾಗ 0.20. ಅಂದರೆ ವಿನ್ಯಾಸದ ಹರಿವಿನಲ್ಲೇ ಇಂಪೆಲರ್ ಅಂಚಿನ ಮೇಲೆ ನಿಂತಿತ್ತು. 80 ಘನಮೀಟರಿಗೆ ಎಡಭಾಗ 0.235. ಅಂಚು ದಾಟಿ ಬಿದ್ದಾಗಿತ್ತು.

ಹಾಗಾದರೆ ಮೊದಲ ಆರು ಬ್ಯಾಚ್ ಹೇಗೆ ನಡೆದವು? ಅಂಚಿನ ಈಚೆಗೇ ಇದ್ದವು, ಅಷ್ಟೆ. ಏಳನೆಯದರಲ್ಲಿ ಬೆಳವಣಿಗೆಯ ಹಂತದ ಸಕ್ಕರೆ ಪಂಪು ಹತ್ತು ಗಂಟೆಗಳ ಕಾಲ ನಿಗದಿಗಿಂತ ಹೆಚ್ಚು ಓಡಿತ್ತು. ಒಣತೂಕದಲ್ಲಿ ಲೀಟರಿಗೆ 38 ಗ್ರಾಂ ಇರಬೇಕಾದ ಬೂಸ್ಟು 45 ಗ್ರಾಂ ಆಗಿತ್ತು. ಎಳೆಯೆಳೆಯಾಗಿ ಬೆಳೆಯುವ ಬೂಸ್ಟಿನಲ್ಲಿ ಬ್ರಾತಿನ ಸ್ನಿಗ್ಧತೆ ತೂಕದ ಜೊತೆ ಸಮನಾಗಿ ಏರುವುದಿಲ್ಲ, ಸರಿಸುಮಾರು ಅದರ ವರ್ಗದಂತೆ ಏರುತ್ತದೆ. 38ರಿಂದ 45ಕ್ಕೆ ಹೋದರೆ ಸ್ನಿಗ್ಧತೆ ಸುಮಾರು 1.4 ಪಟ್ಟಾಗುತ್ತದೆ. ಮೇಲಿನ ಸೂತ್ರ ನೀರಿನಂತಹ ದ್ರವಕ್ಕಾಗಿ ಮಾಡಿದ್ದು. ಮಂದವಾದ ಬ್ರಾತಿನಲ್ಲಿ ಗಾಳಿಚೀಲಗಳು ರೆಕ್ಕೆಗೆ ಇನ್ನೂ ಬಿಗಿಯಾಗಿ ಅಂಟುತ್ತವೆ. 0.20 ಎಂಬ ಮಿತಿಯನ್ನು ನಂಬಿ ಕೂರುವಂತಿಲ್ಲ ಎಂಬುದಕ್ಕೆ ಅದೇ ಕಾರಣ.

ಇನ್ನೊಂದು ತಪ್ಪು ಪಾಳಿಯಲ್ಲೇ ಸೇರಿಕೊಂಡಿತ್ತು. ಗಾಳಿ ಹೆಚ್ಚಾದಾಗ ನೊರೆ ಎದ್ದಿತು, ನೊರೆನಾಶಕ ಎಣ್ಣೆಯನ್ನು ಒಂದು ಗಂಟೆಯಲ್ಲಿ 40 ಲೀಟರ್ ಬಿಟ್ಟಿದ್ದರು. ನೊರೆನಾಶಕ ಮೇಲಿನ ಗುಳ್ಳೆಗಳನ್ನಷ್ಟೇ ಆರಿಸಿ ಒಡೆಯುವುದಿಲ್ಲ. ದ್ರವದೊಳಗಿನ ಸಣ್ಣ ಗುಳ್ಳೆಗಳನ್ನೂ ಒಂದಕ್ಕೊಂದು ಕೂಡಿಸಿ ದೊಡ್ಡದು ಮಾಡುತ್ತದೆ, ಆಮ್ಲಜನಕ ದಾಟುವ ಮೇಲ್ಮೈ ಕುಗ್ಗುತ್ತದೆ. ಆಪರೇಟರನ್ನು ದೂರುವುದು ಸುಲಭ. ಆದರೆ ಅವರ ಕೈಯಲ್ಲಿದ್ದ ಕಾರ್ಯವಿಧಾನದ ಹಾಳೆಯಲ್ಲಿ ಬರೆದಿದ್ದದ್ದೇ ಹಾಗೆ: ಆಮ್ಲಜನಕ ಶೇ. 30ಕ್ಕಿಂತ ಕಡಿಮೆಯಾದರೆ ಗಾಳಿ ಹೆಚ್ಚಿಸಿ, ನೊರೆ ಬಂದರೆ ನೊರೆನಾಶಕ ಬಿಡಿ.

ಬ್ಯಾಚನ್ನು ಉಳಿಸಲು ಮೊದಲು ಮಾಡಿದ್ದು ಗಾಳಿಯನ್ನು ಕಡಿಮೆ ಮಾಡಿದ್ದು. "ಸರ್, ಆಮ್ಲಜನಕ ಹದಿನಾಲ್ಕಿದೆ, ಈಗ ಗಾಳಿ ಇಳಿಸುವುದೇ?" ಎಂದು ಆಪರೇಟರ್ ಎರಡು ಸಲ ಕೇಳಿದರು. ಇಳಿಸಿ ಎಂದೆ. 80ರಿಂದ 64ಕ್ಕೆ ತಂದೆವು. ಮುಳುಗಿದ ಇಂಪೆಲರ್ ತಾನಾಗಿ ಮೇಲೇಳಲು ಅಷ್ಟು ಸಾಲುವುದಿಲ್ಲವೆಂಬ ಅನುಮಾನ ನನಗೂ ಇತ್ತು. ಜೊತೆಗೆ ಮೇಲಿನ ಒತ್ತಡವನ್ನು 0.5ರಿಂದ 0.9 ಬಾರಿಗೆ ನಿಧಾನವಾಗಿ ಏರಿಸಿದೆವು. ಒತ್ತಡದಿಂದ ಎರಡು ಲಾಭ ಒಟ್ಟಿಗೇ ಸಿಗುತ್ತವೆ. ಗಾಳಿ ಇನ್ನಷ್ಟು ಕುಗ್ಗಿ ಎಡಭಾಗದ ಸಂಖ್ಯೆ 0.16ಕ್ಕೆ ಇಳಿಯುತ್ತದೆ, ಮತ್ತು ಗುಳ್ಳೆಯೊಳಗಿನ ಆಮ್ಲಜನಕದ ಒತ್ತಡ ಏರಿ ದ್ರವಕ್ಕೆ ದಾಟುವ ತವಕ ಹೆಚ್ಚುತ್ತದೆ. ಅದಕ್ಕೆ ಬೆಲೆಯೂ ಇದೆ: ಇಂಗಾಲದ ಡೈಆಕ್ಸೈಡ್ ಕೂಡ ಹೆಚ್ಚು ಕರಗುತ್ತದೆ, ಅದು ಬೂಸ್ಟಿಗೆ ಹಿತವಲ್ಲ. ತೊಟ್ಟಿಯ ಒತ್ತಡದ ಮಿತಿಯನ್ನಂತೂ ಫಲಕದ ಮೇಲೆ ಓದಿಯೇ ಮುಟ್ಟಬೇಕು. ಮತ್ತೆ ಇಳಿಸುವಾಗ ಅವಸರ ಮಾಡಿದರೆ ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಇಡೀ ತೊಟ್ಟಿ ನೊರೆಯಾಗಿ ಹೊರಗಿನ ಫಿಲ್ಟರಿಗೆ ನುಗ್ಗುತ್ತದೆ.

ಎರಡನೆಯದಾಗಿ ಸಕ್ಕರೆಯನ್ನು ಆರು ಗಂಟೆ ಅರ್ಧಕ್ಕಿಳಿಸಿದೆವು. ಜಮೆ ಹೆಚ್ಚಿಸುವುದು ಕಷ್ಟವಾದಾಗ ಖರ್ಚು ತಗ್ಗಿಸುವುದು ಬೇಗ ಫಲಿಸುತ್ತದೆ. ಆ ಮೇಲೆ ನಾಲ್ಕು ಗಂಟೆಯ ಅವಧಿಯಲ್ಲಿ 8 ಘನಮೀಟರ್ ಬ್ರಾತನ್ನು ಹೊರತೆಗೆದು ಸೋಸುವ ವಿಭಾಗಕ್ಕೆ ಕಳುಹಿಸಿ, ಅಷ್ಟೇ ಕ್ರಿಮಿರಹಿತ ನೀರನ್ನು ತುಂಬಿದೆವು. ಹತ್ತರಲ್ಲಿ ಒಂದು ಭಾಗ ತೆಳುವಾದರೆ ಸ್ನಿಗ್ಧತೆ ಐದರಲ್ಲಿ ಒಂದು ಭಾಗ ಇಳಿಯುತ್ತದೆ.

ಗಾಳಿ ಇಳಿಸಿ ಒತ್ತಡ ಏರಿಸಿದ ನಲವತ್ತು ನಿಮಿಷದಲ್ಲಿ ಆಮ್ಲಜನಕ ಶೇ. 22ಕ್ಕೆ ಬಂತು. ನಡುವಿನ ದೊಡ್ಡ ಗುಳ್ಳೆಗಳು ಮಾಯವಾಗಿ ಮೇಲ್ಮೈ ಒಂದೇ ಹದಕ್ಕೆ ಬಂದಿತ್ತು. 72ನೇ ಗಂಟೆಗೆ ಶೇ. 31. ಆ ಏರಿಕೆಯಲ್ಲಿ ಒಂದಷ್ಟು ಒತ್ತಡದ್ದೇ ಎಂಬುದನ್ನು ಹೇಳಬೇಕು, ಏಕೆಂದರೆ ಸಂವೇದಕ ಅಳೆಯುವುದು ಆಮ್ಲಜನಕದ ಪ್ರಮಾಣವನ್ನಲ್ಲ, ಅದರ ಒತ್ತಡವನ್ನು. ಆದರೆ ಹೊರಹೋಗುವ ಗಾಳಿಯೂ ಶೇ. 19ರ ಹತ್ತಿರ ಬಂದಾಗ ನಿಜವಾಗಿ ದಾಟುತ್ತಿದೆ ಎಂಬ ಧೈರ್ಯ ಬಂತು. ಬ್ಯಾಚ್ ಮುಗಿದಾಗ ಲೀಟರಿಗೆ 31 ಗ್ರಾಂ ಪೆನಿಸಿಲಿನ್ ಸಿಕ್ಕಿತು. ಹಿಂದಿನವುಗಳಲ್ಲಿ 38ರ ಆಸುಪಾಸು ಸಿಗುತ್ತಿತ್ತು. ಉಸಿರುಕಟ್ಟಿದ್ದು ಕೆಲವೇ ಗಂಟೆ, ಆದರೆ ಬೂಸ್ಟಿನ ಉತ್ಪಾದನೆಯ ವೇಗ ಮೊದಲಿನ ಮಟ್ಟಕ್ಕೆ ಮರಳಲೇ ಇಲ್ಲ.

ಮೂಲ ದೋಷ ಹುಟ್ಟಿದ್ದು ರಾತ್ರಿ ಪಾಳಿಯಲ್ಲಲ್ಲ, ವಿನ್ಯಾಸದ ಮೇಜಿನ ಮೇಲೆ. ಈ ಪ್ರಕ್ರಿಯೆಯನ್ನು ಮೊದಲು ಪರೀಕ್ಷಿಸಿದ್ದು 0.8 ಮೀಟರ್ ವ್ಯಾಸದ ಪೈಲಟ್ ತೊಟ್ಟಿಯಲ್ಲಿ, 0.7 ಘನಮೀಟರ್ ಬ್ರಾತಿನಲ್ಲಿ. ಅಲ್ಲಿ ಒಂದು ಲೀಟರ್ ಬ್ರಾತಿಗೆ ನಿಮಿಷಕ್ಕೆ 0.8 ಲೀಟರ್ ಗಾಳಿ ಕೊಟ್ಟಿದ್ದರು. ದೊಡ್ಡದಕ್ಕೂ ಅದೇ ಅನುಪಾತವನ್ನು ಇಟ್ಟರು: 80 ಘನಮೀಟರಿಗೆ 64. ಕಾಗದದ ಮೇಲೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಗಾಳಿ ಏರಬೇಕಾದದ್ದು ತೊಟ್ಟಿಯ ಅಡ್ಡಕೊಯ್ತದ ಮೂಲಕ. ಬ್ರಾತಿನ ಪ್ರಮಾಣ ವ್ಯಾಸದ ಘನದಂತೆ ಬೆಳೆದರೆ ಅಡ್ಡಕೊಯ್ತ ವರ್ಗದಂತೆ ಮಾತ್ರ ಬೆಳೆಯುತ್ತದೆ. ಪೈಲಟ್ ತೊಟ್ಟಿಯಲ್ಲಿ ಸೆಕೆಂಡಿಗೆ 2 ಸೆಂಟಿಮೀಟರಿಗೂ ಕಡಿಮೆ ವೇಗದಲ್ಲಿ ಏರುತ್ತಿದ್ದ ಗಾಳಿ, ದೊಡ್ಡ ತೊಟ್ಟಿಯಲ್ಲಿ ಒತ್ತಡದಿಂದ ಗಾಳಿ ಕುಗ್ಗುವುದನ್ನು ಬಿಟ್ಟು ಲೆಕ್ಕ ಹಾಕಿದರೆ 12 ಸೆಂಟಿಮೀಟರ್ ವೇಗದಲ್ಲಿ ಏರಬೇಕಾಯಿತು. ಅದರ ಜೊತೆಗೆ ಸುತ್ತಿನ ವೇಗ ನಿಮಿಷಕ್ಕೆ 300ರಿಂದ 100ಕ್ಕೆ ಇಳಿದಿತ್ತು. ಅದೇ ಸೂತ್ರವನ್ನು ಪೈಲಟ್ ತೊಟ್ಟಿಗೆ ಹಾಕಿದರೆ ಎಡಭಾಗ 0.06, ಮಿತಿ 0.44. ಅಲ್ಲಿ ಎಷ್ಟು ಪ್ರಯತ್ನಪಟ್ಟಿದ್ದರೂ ಮುಳುಗಡೆ ಕಾಣಿಸುತ್ತಿರಲಿಲ್ಲ.

ದುರಸ್ತಿಗೆ ಒಂದು ತಿಂಗಳು ಹಿಡಿಯಿತು. ಕೆಳಗಿನ ರಶ್ಟನ್ ಜಾಗಕ್ಕೆ ಕೊಳವೆಯನ್ನು ಉದ್ದಕ್ಕೆ ಸೀಳಿದಂತೆ ಒಳಬಾಗಿದ ರೆಕ್ಕೆಗಳ ಇಂಪೆಲರ್ ಬಂತು. ಬಾಗಿದ ಬೆನ್ನಿನ ಹಿಂದೆ ಗಾಳಿಚೀಲ ದೊಡ್ಡದಾಗಿ ಬೆಳೆಯಲು ಜಾಗವಿಲ್ಲ, ಆದ್ದರಿಂದ ಗಾಳಿ ಬಂದರೂ ಅದು ತನ್ನ ಹೊರೆಯನ್ನು ಹೆಚ್ಚು ಬಿಟ್ಟುಕೊಡುವುದಿಲ್ಲ. ಮೇಲಿನ ಮೂರರ ಬದಲಿಗೆ ದ್ರವವನ್ನು ಕೆಳಕ್ಕೆ ತಳ್ಳುವ ಅಗಲ ರೆಕ್ಕೆಯವು. ಒಳಬಾಗಿದ ನಮೂನೆ ಅದೇ ವ್ಯಾಸಕ್ಕೆ ರಶ್ಟನ್‌ಗಿಂತ ಕಡಿಮೆ ಶಕ್ತಿ ಎಳೆಯುವುದರಿಂದ ವ್ಯಾಸವನ್ನು 1.4 ಮೀಟರಿಗೆ ಹಿಗ್ಗಿಸಿ, ವೇಗವನ್ನು ನಿಮಿಷಕ್ಕೆ 85 ಸುತ್ತಿಗೆ ಇಳಿಸಿದೆವು. ಶಕ್ತಿ ಹೆಚ್ಚುಕಡಿಮೆ ಅಷ್ಟೇ ಉಳಿಯಿತು. ರಶ್ಟನ್‌ಗಾಗಿ ಮಾಡಿದ ಕಟ್ಟುನಿಟ್ಟಿನ ಮಿತಿಯನ್ನೇ ಇಟ್ಟುಕೊಂಡರೂ, 80 ಘನಮೀಟರ್ ಗಾಳಿಗೆ ಎಡಭಾಗ 0.145, ಬಲಭಾಗ 0.38. ಅದೇ ಶಕ್ತಿಯನ್ನು ಕಡಿಮೆ ವೇಗದಲ್ಲಿ ಕೊಡುವುದೆಂದರೆ ದಂಡದ ತಿರುಚುಬಲ ಸುಮಾರು ಶೇ. 18 ಹೆಚ್ಚುತ್ತದೆ. ಗೇರ್‌ಬಾಕ್ಸ್ ಅದನ್ನು ತಾಳುತ್ತದೆಯೇ ಎಂದು ತಯಾರಕರಿಂದ ಬರೆಸಿಕೊಂಡ ಮೇಲೆಯೇ ಕೆಲಸ ಮುಂದುವರಿಸಿದೆವು.

ಕಾರ್ಯವಿಧಾನದ ಹಾಳೆಯೂ ಬದಲಾಯಿತು. ಆಮ್ಲಜನಕ ಇಳಿದರೆ ಈಗ ಮೊದಲು ನೋಡಬೇಕಾದದ್ದು ಹೊರಹೋಗುವ ಗಾಳಿ ಮತ್ತು ಅಮ್ಮೀಟರ್. ಕವಾಟ ಮುಟ್ಟುವುದು ಆಮೇಲೆ.

ಹೊಸ ಇಂಪೆಲರುಗಳ ಮೊದಲ ಬ್ಯಾಚಿನಲ್ಲಿ ಲೀಟರಿಗೆ ಗಂಟೆಗೆ 1.5 ಗ್ರಾಂ ಆಮ್ಲಜನಕ ದಾಟಿತು, ಕರಗಿದ ಮಟ್ಟ ಶೇ. 35ಕ್ಕಿಂತ ಕೆಳಗಿಳಿಯಲಿಲ್ಲ. ಆದರೆ ಬೂಸ್ಟು ಉಸಿರಾಡಿದ ಪ್ರತಿ ಕಿಲೋಗ್ರಾಂ ಆಮ್ಲಜನಕಕ್ಕೂ ಸುಮಾರು 14 ಮೆಗಾಜೂಲ್ ಶಾಖ ಹುಟ್ಟುತ್ತದೆ. 80 ಘನಮೀಟರಿಗೆ ಲೆಕ್ಕ ಹಾಕಿದರೆ ಬೂಸ್ಟಿನ ಶಾಖ ಸುಮಾರು 400 ಕಿಲೋವ್ಯಾಟಿನಿಂದ 470ಕ್ಕೆ ಏರಿತ್ತು, ಅದರ ಮೇಲೆ ಕಲಕುವ ಮೋಟಾರಿನ ಶಾಖ ಬೇರೆ. 70ನೇ ಗಂಟೆಗೆ ತಂಪುನೀರಿನ ಕವಾಟ ಪೂರ್ತಿ ತೆರೆದಿತ್ತು, ಬ್ರಾತ್ 25.6 ಡಿಗ್ರಿಯಲ್ಲಿತ್ತು, ಇನ್ನೂ ಏರುತ್ತಿತ್ತು. ಆ ರಾತ್ರಿಯೂ ಸಕ್ಕರೆಯನ್ನು ಇಳಿಸಬೇಕಾಯಿತು, ಈ ಸಲ ತಂಪುಗೊಳಿಸುವ ಕೊಳವೆಗಳ ಮೇಲ್ಮೈ ಸಾಲದ ಕಾರಣಕ್ಕೆ.